‘ಕೊಡ’ ಎಂದು ಬರೆದರೆ ‘ಕೂಡ’ ಎಂದು ಓದುವ ಮಗುವಿಗೆ ನಾಲ್ಕು ಆಟ

ನಮ್ಮ ಕೆಳಮನೆಯ ಹುಡುಗಿಗೆ ಏಳು ವರ್ಷ, ಎರಡನೇ ತರಗತಿ. ಕಾಗುಣಿತ ಹೇಳು ಅಂದರೆ ಕ, ಕಾ, ಕಿ, ಕೀ ಎಂದು ರಾಗವಾಗಿ ಕಃ ತನಕ ಒಂದೇ ಉಸಿರಿಗೆ ಹೇಳುತ್ತಾಳೆ. ಅದೇ ಹುಡುಗಿಗೆ ಚೀಟಿಯಲ್ಲಿ ‘ಕೊಡ’ ಎಂದು ಬರೆದು ತೋರಿಸಿದೆ. ಸ್ವಲ್ಪ ಹೊತ್ತು ನೋಡಿ ‘ಕೂಡ’ ಅಂದಳು. ‘ಕೊ’ ಒಂದನ್ನೇ ಬರೆದು ಕೇಳಿದಾಗ ತುಟಿ ಅಲ್ಲಾಡಿಸುತ್ತಾ ಮತ್ತೆ ಕ, ಕಾ, ಕಿ ಎಂದು ಮೊದಲಿನಿಂದ ಶುರುಮಾಡಿದಳು. ಹಾಡಿನಲ್ಲಿ ‘ಕೊ’ ಎಲ್ಲಿ ಬರುತ್ತದೆ ಎಂಬುದು ಅವಳಿಗೆ ಗೊತ್ತು. ಅದು ಕಣ್ಣಿಗೆ ಹೇಗೆ ಕಾಣುತ್ತದೆ ಎಂಬುದು ಗೊತ್ತಿಲ್ಲ.

ಇದು ಸೋಮಾರಿತನವಲ್ಲ, ದಡ್ಡತನವಂತೂ ಅಲ್ಲವೇ ಅಲ್ಲ. ‘ಕೂ’ ಮತ್ತು ‘ಕೊ’ ಎರಡನ್ನೂ ಅಕ್ಕಪಕ್ಕ ಬರೆದು ನೀವೇ ನೋಡಿ. ಬಲಗಡೆಯ ಕೊಂಬಿನ ಇಳಿ ಎರಡರಲ್ಲೂ ಒಂದೇ. ವ್ಯತ್ಯಾಸ ಇರುವುದು ತಲೆಯ ಮೇಲೆ ಮಾತ್ರ: ‘ಕೂ’ಗೆ ತಲಕಟ್ಟು, ‘ಕೊ’ಗೆ ಎತ್ವ. ಅಂದರೆ ಕನ್ನಡದ ಒತ್ವ ಸ್ವಂತ ಆಕಾರವಿರುವ ಚಿಹ್ನೆಯಲ್ಲ, ಎತ್ವ ಮತ್ತು ಕೊಂಬಿನ ಇಳಿ ಜೊತೆಯಾಗಿ ನಿಂತದ್ದು. ಅದಕ್ಕೆ ದೀರ್ಘ ಸೇರಿದರೆ ‘ಕೋ’. ದೊಡ್ಡ ಗುರುತಿನ ಮೇಲೆ ಕಣ್ಣಿಟ್ಟು ಚಿಕ್ಕದನ್ನು ಬಿಟ್ಟ ಮಗು ಎಡವುವುದು ಇಲ್ಲಿಯೇ. ಹಾಗಾಗಿ ಈ ಲೇಖನದಲ್ಲಿ ಉ, ಊ, ಎ, ಏ, ಒ, ಓ ಚಿಹ್ನೆಗಳನ್ನು ಮಾತ್ರ ಹಿಡಿದುಕೊಂಡಿದ್ದೇನೆ. ಇಳಿ ಮತ್ತು ಗುಡಿಸು ಸಾಮಾನ್ಯವಾಗಿ ಇಷ್ಟು ಕಾಡುವುದಿಲ್ಲ.

ಮೊದಲು: ತೊಡಕು ಕಿವಿಯದೋ ಕಣ್ಣಿನದೋ?

ಹಳೆಯ ಮದುವೆ ಕರೆಯೋಲೆಗಳನ್ನು ಅಂಗೈಯಗಲದ ಎಂಟು ಚೀಟಿಗಳಾಗಿ ಕತ್ತರಿಸಿ. ಖಾಲಿ ಬದಿಯಲ್ಲಿ ಕ, ಕಾ, ಕಿ, ಕು, ಕೂ, ಕೆ, ಕೊ, ಕೋ ಎಂದು ದಪ್ಪವಾಗಿ ಬರೆದು, ಕಲಸಿ, ಒಂದೊಂದಾಗಿ ತೋರಿಸಿ. ತಕ್ಷಣ ಹೇಳಿದ್ದು ಒಂದು ಕಡೆ, ಯೋಚಿಸಿ ಹೇಳಿದ್ದು ಇನ್ನೊಂದು ಕಡೆ, ತಪ್ಪಿದ್ದು ಮತ್ತೊಂದು ಕಡೆ ಹೋಗಲಿ. ಮಗು ಹಾಡು ಶುರುಮಾಡಿದರೆ ತಡೆಯಬೇಡಿ, ಆ ಚೀಟಿಯನ್ನು ಎರಡನೇ ಗುಂಪಿಗೆ ಹಾಕಿ. ತಪ್ಪಿದಾಗ ಏನು ಹೇಳಿತು ಎಂಬುದನ್ನು ಚೀಟಿಯ ಹಿಂದೆ ಬರೆದಿಡಿ, ಅದೇ ಮುಂದಿನ ದಾರಿ ತೋರಿಸುತ್ತದೆ.

ಆಮೇಲೆ ಚೀಟಿಗಳನ್ನು ಪಕ್ಕಕ್ಕಿಟ್ಟು, ಬರೀ ಬಾಯಲ್ಲಿ ‘ಬೆಳೆ’ ಮತ್ತು ‘ಬೇಳೆ’ ಅನ್ನಿ. ಹೊಲದಲ್ಲಿ ಇರುವುದು ಯಾವುದು, ಸಾರಿಗೆ ಹಾಕುವುದು ಯಾವುದು ಎಂದು ಕೇಳಿ. ಸರಿಯಾಗಿ ಹೇಳಿದರೆ ಕಿವಿ ಚೆನ್ನಾಗಿದೆ, ತೊಡಕು ಕಣ್ಣಿನ ಗುರುತಿನದು. ಎರಡೂ ಒಂದೇ ಥರ ಕೇಳಿಸುತ್ತದೆ ಅಂದರೆ ಚಿಹ್ನೆ ಕಲಿಸಿ ಪ್ರಯೋಜನವಿಲ್ಲ, ಮೊದಲು ಕಿವಿಗೆ ಕಲಿಸಬೇಕು. ಬೆಂಗಳೂರಿನಲ್ಲಿ ಇದನ್ನು ನೋಡಲೇಬೇಕು. ಹಿಂದಿ, ಉರ್ದುವಿನಲ್ಲಿ ನಮ್ಮ ಎ–ಏ, ಒ–ಓ ಥರದ ಹ್ರಸ್ವ–ದೀರ್ಘ ಭೇದವಿಲ್ಲ. ಮನೆಯಲ್ಲಿ ಅವನ್ನಾಡುವ ಮಗುವಿಗೆ ಒಂದೇ ಆಗಿ ಕೇಳುವ ಸದ್ದಿಗೆ ಎರಡು ಚಿಹ್ನೆ ಯಾಕೆ ಎಂಬುದು ಅರ್ಥವಾಗುವುದಿಲ್ಲ. ತಮಿಳು, ತೆಲುಗು ಮನೆಮಾತಿನ ಮಕ್ಕಳಿಗೆ ಈ ತೊಂದರೆ ಇಲ್ಲ, ಆ ಭಾಷೆಗಳಲ್ಲೂ ಈ ಭೇದ ಇದೆ.

ಆಟ 1: ರಬ್ಬರ್ ಬ್ಯಾಂಡ್

ಕಿವಿ ಗುರುತಿಸದ ಮಗುವಿಗೆ ಇದು. ಎರಡು ಕೈಯ ತೋರುಬೆರಳಿಗೆ ರಬ್ಬರ್ ಬ್ಯಾಂಡ್ ಹಾಕಿಕೊಳ್ಳಲಿ. ನೀವು ‘ಕೆರೆ’ ಅಂದಾಗ ಬೆರಳು ಅಲ್ಲಾಡಬಾರದು, ‘ಕೇರೆ’ ಅಂದಾಗ ಎಳೆಯಬೇಕು. ಕೆರೆ ನೀರಿನದು, ಕೇರೆ ಹಾವು. ಬೆಳೆ–ಬೇಳೆ, ಕೊಡಿ–ಕೋಡಿ ಜೋಡಿಗಳನ್ನೂ ಸೇರಿಸಿ. ಕೆರೆ ತುಂಬಿ ನೀರು ಹೊರಗೆ ಹರಿಯುವ ಜಾಗವೇ ಕೋಡಿ ಎಂದು ಮೊದಲೇ ಹೇಳಿ, ಅರ್ಥ ಗೊತ್ತಿಲ್ಲದ ಪದ ಕಿವಿಯಲ್ಲಿ ನಿಲ್ಲುವುದಿಲ್ಲ. ನಿಮ್ಮ ತುಟಿ ನೋಡಿ ಊಹಿಸದ ಹಾಗೆ ಬಾಯಿಗೆ ಪುಸ್ತಕ ಅಡ್ಡ ಹಿಡಿಯಿರಿ. ದಿನಕ್ಕೆ ಐದು ನಿಮಿಷ ಸಾಕು. ಹತ್ತು ಸಲ ಹೇಳಿದರೆ ಒಂಬತ್ತು ಸಲ ಸರಿಯಾಗಿ ಎಳೆಯುವ ತನಕ ಮುಂದಕ್ಕೆ ಹೋಗಬೇಡಿ.

ಆಟ 2: ಬೋಳು ಕಕಾರಕ್ಕೆ ಅಲಂಕಾರ

ನಾಲ್ಕರಲ್ಲಿ ನಾನು ಹೆಚ್ಚು ನಂಬುವ ಆಟ ಇದು. ಸ್ಪೈರಲ್ ಬೈಂಡಿಂಗ್‌ಗೆ ಮೇಲೆ ಹಾಕುತ್ತಾರಲ್ಲ, ಆ ಪಾರದರ್ಶಕ ಶೀಟ್ ಒಂದನ್ನು ಜೆರಾಕ್ಸ್ ಅಂಗಡಿಯಲ್ಲಿ ಕೇಳಿ ತನ್ನಿ. ಜೊತೆಗೆ ಅಳಿಸದ ಮಾರ್ಕರ್ ಪೆನ್ ಬೇಕು. ಶೀಟನ್ನು ಎಂಟು ಸಮ ತುಂಡು ಮಾಡಿ, ಅದೇ ಅಳತೆಯ ಒಂದು ರಟ್ಟು ಕತ್ತರಿಸಿಕೊಳ್ಳಿ.

ರಟ್ಟಿನ ಮೇಲೆ ತಲಕಟ್ಟಿಲ್ಲದ ‘ಕ’ ಬರೆಯಿರಿ. ಬಲಕ್ಕೆ ಜಾಗ ಬಿಡಿ. ಈಗ ಪಾರದರ್ಶಕ ತುಂಡನ್ನು ಅದರ ಮೇಲಿಟ್ಟು ತಲಕಟ್ಟನ್ನು ಮಾತ್ರ ಬರೆಯಿರಿ. ಇನ್ನೊಂದು ತುಂಡಿನಲ್ಲಿ ಎತ್ವ, ಮತ್ತೊಂದರಲ್ಲಿ ಕೊಂಬು, ಇನ್ನೊಂದರಲ್ಲಿ ಕೊಂಬಿನ ಇಳಿ. ದೀರ್ಘವನ್ನು ಮಾತ್ರ ಸಣ್ಣ ಚೂರಿನಲ್ಲಿ ಬರೆದು ಬೇರೆಯಾಗಿ ಇಟ್ಟುಕೊಳ್ಳಿ, ಯಾಕೆಂದರೆ ‘ಕೇ’ಯಲ್ಲಿ ಅದು ಅಕ್ಷರದ ಪಕ್ಕದಲ್ಲೇ ಕೂರುತ್ತದೆ, ‘ಕೋ’ದಲ್ಲಿ ಇನ್ನೂ ಬಲಕ್ಕೆ ಸರಿಯಬೇಕು. ರಟ್ಟಿಗೂ ಎಲ್ಲ ತುಂಡುಗಳಿಗೂ ಮೇಲಿನ ಬಲ ಮೂಲೆಯನ್ನು ಕತ್ತರಿಸಿ. ಇಲ್ಲದಿದ್ದರೆ ಪಾರದರ್ಶಕ ತುಂಡು ಮಗುಚಿಕೊಂಡು ಚಿಹ್ನೆ ಉಲ್ಟಾ ಕಾಣುತ್ತದೆ, ಮಗು ಅದನ್ನೇ ಕಲಿಯುತ್ತದೆ.

ಆಟ ಹೀಗೆ. ಮೊದಲ ಎರಡು ದಿನ ‘ಕ’, ‘ಕೆ’ ಎರಡೇ. ತಲಕಟ್ಟು ತೆಗೆ, ಎತ್ವ ಇಡು, ಓದು. ತಲಕಟ್ಟು ಕೂಡ ಜಾಗ ಬಿಟ್ಟುಕೊಡುವ ಒಂದು ಗುರುತು ಎಂಬುದು ಕೈಗೆ ತಿಳಿಯಬೇಕು. ಮೂರನೇ ದಿನ ‘ಕೂ’: ತಲಕಟ್ಟು ಇರಲಿ, ಮೇಲೆ ಕೊಂಬಿನ ಇಳಿ. ನಾಲ್ಕನೇ ದಿನ ಕೊಂಬಿನ ಇಳಿಯನ್ನು ಅಲ್ಲಾಡಿಸದೆ, ಅಡಿಯ ತಲಕಟ್ಟನ್ನು ಮಾತ್ರ ಎಳೆದು ಎತ್ವ ತೂರಿಸಲಿ. ‘ಕೂ’ ಇದ್ದದ್ದು ‘ಕೊ’ ಆಯಿತು. ನಮ್ಮ ಕೆಳಮನೆಯವಳು ಇಲ್ಲಿ ತಲಕಟ್ಟು ಎತ್ವ ಎರಡನ್ನೂ ಮೂರ್ನಾಲ್ಕು ಸಲ ಹಾಕಿ ತೆಗೆದು ಮಾಡಿದಳು. ಆಮೇಲೆ ‘ಆಂಟಿ, ಬಾಲ ಒಂದೇ, ತಲೆ ಬೇರೆ!’ ಅಂದಳು. ಅವತ್ತಿನಿಂದ ಗೊಂದಲವಾದಾಗಲೆಲ್ಲ ‘ತಲೆ ನೋಡು’ ಎಂಬ ಎರಡೇ ಮಾತು ಸಾಕಾಯಿತು.

ಐದನೇ ದಿನ ದೀರ್ಘದ ಚೂರು ಕೊಡಿ. ‘ಕೆ’ ಪಕ್ಕ ಇಟ್ಟರೆ ‘ಕೇ’, ‘ಕೊ’ ಪಕ್ಕ ಇಟ್ಟರೆ ‘ಕೋ’. ರಬ್ಬರ್ ಬ್ಯಾಂಡ್ ಆಡಿದ್ದರೆ ಚೂರಿಡುವಾಗ ಸದ್ದನ್ನೂ ಹಾಗೆಯೇ ಎಳೆಯಲಿ. ‘ಕು’ವನ್ನು ಕೊನೆಗೆ ತನ್ನಿ. ಕೊಂಬು, ಕೊಂಬಿನ ಇಳಿ ಎರಡನ್ನೂ ಒಂದೇ ದಿನ ಕೊಟ್ಟರೆ ಎರಡೂ ಕಲಸಿಹೋಗುತ್ತವೆ.

ಆಟ 3: ಓದು, ಮಾಡು

ಈಗ ಪದಕ್ಕೆ ಬರೋಣ. ಕಡಿ, ಕುಡಿ, ಕೂಡಿ, ಕೊಡಿ, ಕೋಡಿ. ಐದಕ್ಕೂ ಕೊನೆಯ ಅಕ್ಷರ ‘ಡಿ’. ಮೊದಲ ಅಕ್ಷರದ ಗುರುತು ಮಾತ್ರ ಬದಲು. ಮೇಜಿನ ಮೇಲೆ ಒಂದು ಕ್ಯಾರೆಟ್ ತುಂಡು, ಒಂದು ಲೋಟ ನೀರು, ಎರಡು ಗುಂಪು ಹುಣಸೆಬೀಜ ಇಡಿ. ಮಗು ಚೀಟಿ ಎತ್ತಿ ಮನಸ್ಸಿನಲ್ಲೇ ಓದಿ, ಬಾಯಿ ಬಿಡದೆ ಮಾಡಿ ತೋರಿಸಬೇಕು. ‘ಕಡಿ’ ಬಂದರೆ ಕ್ಯಾರೆಟ್ ಕಚ್ಚಲಿ. ‘ಕುಡಿ’ಗೆ ಒಂದು ಗುಟುಕು. ‘ಕೂಡಿ’ಗೆ ಎರಡು ಗುಂಪು ಬೀಜ ಒಂದಾಗಲಿ. ‘ಕೊಡಿ’ಗೆ ಒಂದು ಬೀಜ ನಿಮ್ಮ ಕೈಗೆ. ‘ಕೋಡಿ’ಗೆ ಎರಡು ಕೈ ಚಾಚಿ ನೀರು ಹರಿಯುವ ಹಾಗೆ ಅಲೆಯಾಡಿಸಲಿ.

ಇದರಲ್ಲಿ ಮಗು ನಿಮ್ಮ ಮುಖ ನೋಡಿ ಊಹಿಸುವುದಕ್ಕೆ ಜಾಗವಿಲ್ಲ. ‘ಕೊಡಿ’ ಚೀಟಿಗೆ ನೀರು ಕುಡಿದರೆ ಯಾವ ಗುರುತು ಯಾವುದರ ಜೊತೆ ಕಲಸಿದೆ ಎಂಬುದು ನಿಮಗೆ ಕಣ್ಣಾರೆ ಗೊತ್ತಾಗುತ್ತದೆ. ಆಗ ‘ತಪ್ಪು’ ಅನ್ನುವ ಬದಲು ‘ಕುಡಿ’, ‘ಕೊಡಿ’ ಎರಡೂ ಚೀಟಿಯನ್ನು ಅಕ್ಕಪಕ್ಕ ಇಟ್ಟು ಏನು ಬೇರೆ ಎಂದು ಬೆರಳಿಟ್ಟು ತೋರಿಸಲು ಹೇಳಿ. ಅವಳ ಸರದಿ ಮುಗಿದ ಮೇಲೆ ನೀವು ಮಾಡಿ, ಅವಳು ತಿದ್ದಲಿ. ಬೇಕೆಂದೇ ಒಮ್ಮೆ ತಪ್ಪು ಮಾಡಿ. ಅದನ್ನು ಹಿಡಿದಳು ಅಂದರೆ ಗುರುತು ಕೂತಿದೆ.

ಆಟ 4: ಬಸ್ ಬೋರ್ಡು

ಬಸ್ ಸ್ಟಾಪಿನಲ್ಲಿ ಕಾಯುವ ಹೊತ್ತು ಇದಕ್ಕೇ ಇರಲಿ. ನಮ್ಮೂರಿನ ಬಡಾವಣೆಗಳ ಹೆಸರಿನಲ್ಲೇ ಅರ್ಧ ಕಾಗುಣಿತ ಇದೆ: ಕಮ್ಮನಹಳ್ಳಿ, ಕಾಡುಗೋಡಿ, ಕುಮಾರಸ್ವಾಮಿ ಲೇಔಟ್, ಕೂಡ್ಲು, ಕೆಂಗೇರಿ, ಕೊತ್ತನೂರು, ಕೋರಮಂಗಲ. ಕೋಣನಕುಂಟೆಯಲ್ಲಂತೂ ‘ಕೋ’ ಮತ್ತು ‘ಕುಂ’ ಎರಡೂ ಒಟ್ಟಿಗೇ ಸಿಗುತ್ತವೆ. ಮನೆಯಿಂದ ಹೊರಡುವಾಗ ‘ಇವತ್ತು ಕೋ ಹುಡುಕೋಣ’ ಎಂದು ಒಂದೇ ಗುರುತು ಹೇಳಿ ಹೊರಡಿ. ಪೂರ್ತಿ ಹೆಸರು ಓದಬೇಕಿಲ್ಲ, ಒತ್ತಕ್ಷರ ಬಂದರೆ ನೀವೇ ಓದಿಬಿಡಿ. ಅಂಗಡಿ ಬೋರ್ಡುಗಳನ್ನು ಸದ್ಯಕ್ಕೆ ಬಿಡಿ, ಅಲಂಕಾರದ ಅಕ್ಷರಗಳಲ್ಲಿ ತಲಕಟ್ಟು, ಎತ್ವ ಒಂದೇ ಥರ ಕಾಣುವುದುಂಟು.

ಬೇರೆ ಅಕ್ಷರಕ್ಕೆ ಹೋಗುವಾಗ

34 ವ್ಯಂಜನಕ್ಕೆ 13 ಸ್ವರದಂತೆ ಲೆಕ್ಕ ಹಾಕಿದರೆ 442 ರೂಪಗಳಾಗುತ್ತವೆ. ಅಷ್ಟನ್ನೂ ಕಲಿಸಬೇಕು ಎಂದು ಗಾಬರಿಯಾಗಬೇಡಿ. ‘ಕ’ದಲ್ಲಿ ಗುರುತು ಕೂತ ಮೇಲೆ ಅದೇ ಪಾರದರ್ಶಕ ತುಂಡುಗಳನ್ನು ತಲಕಟ್ಟಿಲ್ಲದ ‘ತ’, ‘ಗ’, ‘ನ’ ರಟ್ಟುಗಳ ಮೇಲಿಡಿ. ಹೇಳಿಕೊಡದೆಯೇ ‘ತೊ’, ‘ಗೋ’ ಓದಿದರೆ ಮಗು ಗುರುತನ್ನೇ ಕಲಿತಿದೆ, ಚೀಟಿಯನ್ನು ಬಾಯಿಪಾಠ ಮಾಡಿಲ್ಲ ಎಂದರ್ಥ. ಜ, ಟ, ಬ, ಲಗಳಿಗೆ ತಲಕಟ್ಟೇ ಇಲ್ಲ, ಅವು ಆಮೇಲೆ. ಪ, ವಗಳಿಗೆ ಕೊಂಬು ಪಕ್ಕದಲ್ಲಿ ಕೂರದೆ ಕೆಳಕ್ಕೆ ಇಳಿಯುತ್ತದೆ. ‘ವು’ ಪಕ್ಕದಲ್ಲಿ ‘ಮ’ ಬರೆದು ನೋಡಿದರೆ ಕಾರಣ ಹೊಳೆಯುತ್ತದೆ. ಮ, ಯಗಳ ಒತ್ವ, ಓತ್ವದ ರೂಪವೇ ಬೇರೆ. ಈ ನಾಲ್ಕಕ್ಕೂ ಪಾರದರ್ಶಕ ತುಂಡು ಹೊಂದುವುದಿಲ್ಲ, ಹೊಸ ಚೀಟಿಯನ್ನೇ ಬರೆದು ಕೊನೆಯಲ್ಲಿ ಕಲಿಸಿ.

ಕೆಳಮನೆಯ ಹುಡುಗಿ ಮೊದಲ ದಿನ ಎಂಟು ಚೀಟಿಯಲ್ಲಿ ನಾಲ್ಕನ್ನು ತಕ್ಷಣ ಓದಿದ್ದಳು. ಮೂರನೇ ವಾರ ಏಳಾಯಿತು. ‘ಕು’ ಮಾತ್ರ ಇನ್ನೂ ಯೋಚಿಸಿಯೇ ಹೇಳುತ್ತಿದ್ದಳು. ಪ್ರತಿ ಶನಿವಾರ ಅದೇ ಎಂಟು ಚೀಟಿ ಕಲಸಿ ಎಣಿಸಿ. ಎರಡು ತಿಂಗಳು ದಿನಾ ಹದಿನೈದು ನಿಮಿಷ ಆಡಿದರೂ ಮೊದಲ ಗುಂಪು ಬೆಳೆಯದಿದ್ದರೆ ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ತರಗತಿಯ ಶಿಕ್ಷಕರಿಗೆ ಆ ಚೀಟಿಗಳನ್ನೇ ತೋರಿಸಿ, ಹಿಂದೆ ಬರೆದ ತಪ್ಪುಗಳ ಸಮೇತ. ಕಲಿಕಾ ನ್ಯೂನತೆಯ ಪ್ರಮಾಣಪತ್ರವನ್ನು ಸಾಮಾನ್ಯವಾಗಿ ಎಂಟು ವರ್ಷಕ್ಕೆ ಮೊದಲು ಕೊಡುವುದಿಲ್ಲ. ಆದರೆ ಸಲಹೆ ಕೇಳಲು ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ನಿಮ್ಹಾನ್ಸ್‌ನ ಮಕ್ಕಳ ವಿಭಾಗಕ್ಕೆ ಹೋಗುವಾಗಲೂ ಆ ಚೀಟಿಗಳ ಕಟ್ಟನ್ನು ಜೊತೆಗೆ ಒಯ್ಯಿರಿ.