ಪಿಪಿಟಿ ಹಂಚುವ ಮುನ್ನ: ಚಿತ್ರ, ಫಾಂಟ್‌ಗಳ ಪರವಾನಗಿ ನೋಡುವುದು ಹೇಗೆ?

ಬೆಂಗಳೂರಿನ ಒಂದು ಬಡಾವಣೆಯ ನಿವಾಸಿಗಳ ಸಂಘ ಸ್ಯಾಂಕಿ ಕೆರೆಯ ಬಗ್ಗೆ ಇಪ್ಪತ್ತು ಸ್ಲೈಡ್‌ಗಳ ಪಿಪಿಟಿ ಮಾಡಿದೆ ಎಂದುಕೊಳ್ಳೋಣ. ಭಾನುವಾರದ ಸಭೆಯಲ್ಲಿ ತೋರಿಸಿದ್ದಾಯಿತು, ಎಲ್ಲರೂ ಮೆಚ್ಚಿದ್ದೂ ಆಯಿತು. ಈಗ ಅದನ್ನು ಸಂಘದ ಜಾಲತಾಣಕ್ಕೆ ಹಾಕಬೇಕು. ಪಕ್ಕದ ಶಾಲೆಯವರು ತಿದ್ದಿ ಬಳಸಲು ಮೂಲ ಫೈಲನ್ನೇ ಕೇಳಿದ್ದಾರೆ. ಕೆರೆಯ ಚಿತ್ರಗಳಲ್ಲಿ ಒಂದು ವಿಕಿಮೀಡಿಯ ಕಾಮನ್ಸ್ ಎಂಬ ಮುಕ್ತ ಚಿತ್ರಸಂಗ್ರಹದ್ದು, ಒಂದು ಪತ್ರಿಕೆಯಲ್ಲಿ ಬಂದದ್ದು, ಒಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸಿಕ್ಕಿದ್ದು. ಶೀರ್ಷಿಕೆಗೆ ಎಲ್ಲಿಂದಲೋ ಇಳಿಸಿಕೊಂಡ ಅಲಂಕಾರದ ಫಾಂಟ್, ಒಳಗಿನ ಬರಹಕ್ಕೆ ನುಡಿ.

ಕೊಠಡಿಯೊಳಗೆ ತೋರಿಸುವಾಗ ಈ ಚಿತ್ರಗಳು ಯಾರದೆಂದು ಯಾರೂ ಕೇಳುವುದಿಲ್ಲ. ಜಾಲತಾಣಕ್ಕೆ ಹಾಕಿದೊಡನೆ ಅವುಗಳ ಪ್ರತಿ ಮಾಡಿ ಸಾರ್ವಜನಿಕರಿಗೆ ತಲುಪಿಸಿದಂತಾಗುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಆ ಹಕ್ಕು ಚಿತ್ರದ ಒಡೆಯರದು. ‘ಶಿಕ್ಷಣಕ್ಕೆ ಬಳಸಿದರೆ ತೊಂದರೆ ಇಲ್ಲ’ ಎಂಬ ಮಾತು ಎಲ್ಲೆಡೆ ಓಡಾಡುತ್ತಿದೆ. ಆದರೆ ಕಾಯ್ದೆಯ 52ನೇ ಕಲಂ ಕೊಡುವ ವಿನಾಯಿತಿ ಪಾಠ ಹೇಳುವ ಸಂದರ್ಭದಲ್ಲಿ ಶಿಕ್ಷಕರಿಗೂ ವಿದ್ಯಾರ್ಥಿಗಳಿಗೂ ಇರುವಂಥದ್ದು. ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಜಾಲತಾಣದಲ್ಲಿ ಇಡಲು ಅದನ್ನು ನೆಚ್ಚಿಕೊಳ್ಳಬಾರದು.

ಮೊದಲು ಫೈಲನ್ನು ಬಿಚ್ಚಿ ನೋಡಿ

ಸ್ಲೈಡ್‌ಗಳನ್ನು ಒಂದೊಂದಾಗಿ ತಿರುವಿ ಚಿತ್ರಗಳ ಪಟ್ಟಿ ಮಾಡಿದರೆ ಕೆಲವು ತಪ್ಪಿಹೋಗುತ್ತವೆ. ಹಿನ್ನೆಲೆಯ ವಿನ್ಯಾಸದಲ್ಲಿ ಕೂತ ಚಿತ್ರ, ಇನ್ನೊಂದು ಚಿತ್ರದ ಅಡಿಗೆ ಸರಿದದ್ದು, ಅಡಗಿಸಿಟ್ಟ ಸ್ಲೈಡಿನದು ಕಣ್ಣಿಗೆ ಬೀಳುವುದಿಲ್ಲ. ಪಿಪಿಟಿಎಕ್ಸ್ ಫೈಲ್ ಎಂದರೆ ನಿಜಕ್ಕೂ ಒಂದು ಜಿಪ್ ಕಟ್ಟು. ಅದರ ನಕಲೊಂದನ್ನು ಮಾಡಿ, ಹೆಸರಿನ ಕೊನೆಯ `.pptx` ತೆಗೆದು `.zip` ಎಂದು ಬರೆದು ತೆರೆಯಿರಿ. `ppt/media` ಎಂಬ ಫೋಲ್ಡರ್‌ನಲ್ಲಿ ಎಲ್ಲ ಚಿತ್ರಗಳೂ ಸಾಲಾಗಿ ಇರುತ್ತವೆ. ಯಾವ ಚಿತ್ರ ಯಾವ ಸ್ಲೈಡಿನದು ಎಂದು ತಿಳಿಯಲು `ppt/slides/_rels` ಫೋಲ್ಡರ್‌ಗೆ ಹೋಗಿ. ಅಲ್ಲಿನ `slide7.xml.rels` ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಹೀಗೊಂದು ತುಣುಕು ಕಾಣಬಹುದು:

```
Target="../media/image4.jpeg"
```

ನಾಲ್ಕನೆಯ ಚಿತ್ರ ಏಳನೆಯ ಸ್ಲೈಡ್‌ನ ಫೈಲಿಗೆ ಸೇರಿದ್ದು ಎಂದರ್ಥ. ಸ್ಲೈಡ್‌ಗಳ ಕ್ರಮವನ್ನು ಹಿಂದೆ ಮುಂದೆ ಮಾಡಿದ್ದರೆ ಈ ಸಂಖ್ಯೆ ತೆರೆಯ ಮೇಲಿನ ಕ್ರಮಕ್ಕೆ ಹೊಂದದಿರಬಹುದು. ಚಿತ್ರವನ್ನು ಕಣ್ಣಾರೆ ನೋಡಿ ಖಚಿತಪಡಿಸಿಕೊಳ್ಳಿ.

ಈ ಫೋಲ್ಡರ್‌ನಲ್ಲಿ ಇನ್ನೊಂದು ಸಂಗತಿಯೂ ಹೊರಬೀಳುತ್ತದೆ. ಸ್ಲೈಡಿನಲ್ಲಿ ಕತ್ತರಿಸಿದ ಚಿತ್ರ ಇಲ್ಲಿ ಇಡಿಯಾಗಿಯೇ ಇರುತ್ತದೆ. ಪತ್ರಿಕೆಯ ಹೆಸರಿದ್ದ ಅಂಚನ್ನು ಕತ್ತರಿಸಿ ತೆಗೆದೆವೆಂದು ಸಂಘದವರು ಭಾವಿಸಿದ್ದರೆ, ಮೂಲ ಫೈಲ್ ಪಡೆದ ಶಾಲೆಯವರು ಒಂದೇ ಕ್ಲಿಕ್‌ನಲ್ಲಿ ಆ ಅಂಚನ್ನು ಮರಳಿ ತರಬಹುದು. ಬಳಸಲು ಅನುಮತಿ ಇರುವ ಚಿತ್ರಗಳಲ್ಲೂ ಕತ್ತರಿಸಿದ ಭಾಗದಲ್ಲಿ ಯಾರದಾದರೂ ಮುಖವೋ ವಾಹನ ಸಂಖ್ಯೆಯೋ ಇದ್ದರೆ, ಪವರ್‌ಪಾಯಿಂಟ್‌ನ `Compress Pictures` ಕಿಟಕಿಯಲ್ಲಿ `Delete cropped areas of pictures` ಎಂಬುದನ್ನು ಆಯ್ದು ಅದನ್ನು ಅಳಿಸಿಬಿಡಿ.

ಚಿತ್ರದ ಮೂಲ ಪುಟದವರೆಗೆ ಹೋಗಿ

ಪರವಾನಗಿಯನ್ನು ಓದಬೇಕಾದದ್ದು ಚಿತ್ರದ ಮೂಲ ಪುಟದಲ್ಲಿ. ‘ಗೂಗಲ್‌ನಿಂದ’ ಎಂದು ಅಡಿಬರಹ ಹಾಕುವ ರೂಢಿ ನಮ್ಮಲ್ಲಿ ಬಹಳ ಇದೆ. ಅದರಿಂದ ಯಾವ ಹಕ್ಕೂ ಬರುವುದಿಲ್ಲ. ಗೂಗಲ್ ಚಿತ್ರ ಹುಡುಕಾಟದಲ್ಲಿ ಕ್ರಿಯೇಟಿವ್ ಕಾಮನ್ಸ್ ಎಂಬ, ಷರತ್ತುಗಳೊಡನೆ ಎಲ್ಲರಿಗೂ ಬಳಸಲು ಬಿಡುವ ಪರವಾನಗಿಯ ಚಿತ್ರಗಳನ್ನಷ್ಟೇ ತೋರಿಸುವ ಸೋಸುವಿಕೆ ಇದೆ, ನಿಜ. ಆದರೆ ಅದು ನೆಚ್ಚುವುದು ಆಯಾ ಜಾಲತಾಣ ಕೊಟ್ಟ ಮಾಹಿತಿಯನ್ನು. ಮಾಹಿತಿ ತಪ್ಪಿದ್ದರೆ ಫಲಿತಾಂಶವೂ ತಪ್ಪು. ಎಲ್ಲಿಂದ ಬಂತೆಂದೇ ಗೊತ್ತಿಲ್ಲದ ಚಿತ್ರವನ್ನು ಗೂಗಲ್ ಲೆನ್ಸ್ ಅಥವಾ ಟಿನ್‌ಐಗೆ ಕೊಟ್ಟು, ಸಿಕ್ಕ ಪ್ರತಿಗಳಲ್ಲಿ ಅತಿ ದೊಡ್ಡದನ್ನೂ ಅತಿ ಹಳೆಯದನ್ನೂ ತೆರೆದು ನೋಡಿ. ಛಾಯಾಗ್ರಾಹಕರ ಹೆಸರು ಸಾಮಾನ್ಯವಾಗಿ ಅಲ್ಲೇ ಸಿಗುತ್ತದೆ. ಎಷ್ಟು ಹುಡುಕಿದರೂ ಸಿಗದಿದ್ದರೆ ಆ ಚಿತ್ರವನ್ನು ಬಿಟ್ಟುಬಿಡಿ. ಸ್ಯಾಂಕಿ ಕೆರೆ ಎಲ್ಲಿಗೂ ಹೋಗಿಲ್ಲ, ಒಂದು ಬೆಳಿಗ್ಗೆ ಹೋದರೆ ನಿಮ್ಮದೇ ಚಿತ್ರ ತೆಗೆಯಬಹುದು.

ಸಂಘದ ಪಿಪಿಟಿಯಲ್ಲಿರುವ ವಿಕಿಮೀಡಿಯ ಕಾಮನ್ಸ್ ಚಿತ್ರದ ಪುಟದಲ್ಲಿ `CC BY-SA 4.0` ಎಂದಿದೆ ಎಂದಿಟ್ಟುಕೊಳ್ಳಿ. `CC` ಎಂದರೆ ಕ್ರಿಯೇಟಿವ್ ಕಾಮನ್ಸ್. `BY` ಎಂದರೆ ಚಿತ್ರ ತೆಗೆದವರ ಹೆಸರು ಹೇಳಬೇಕು. `SA` ಎಂದರೆ ಚಿತ್ರವನ್ನು ಮಾರ್ಪಡಿಸಿ ಹಂಚುವುದಾದರೆ ಮಾರ್ಪಡಿಸಿದ್ದನ್ನೂ ಅದೇ ಪರವಾನಗಿಯಲ್ಲಿ ಕೊಡಬೇಕು. ಇದನ್ನು ಓದಿದವರು ಇಡೀ ಪಿಪಿಟಿಯನ್ನೇ ಆ ಪರವಾನಗಿಯಲ್ಲಿ ಕೊಡಬೇಕೇನೋ ಎಂದು ಹೆದರುತ್ತಾರೆ. ಚಿತ್ರವನ್ನು ಇದ್ದ ಹಾಗೆ ಸ್ಲೈಡಿನಲ್ಲಿ ಇಟ್ಟು ಪಕ್ಕದಲ್ಲಿ ನಿಮ್ಮ ಮಾತು ಬರೆದರೆ ನಿಮ್ಮ ಮಾತು ನಿಮ್ಮದೇ. ಆದರೆ ಅದೇ ಚಿತ್ರದ ಮೇಲೆ ಬಾಣ ಎಳೆದು, ‘ಕೊಳಚೆ ನೀರು ಸೇರುವ ಜಾಗ’ ಎಂದು ಗುರುತು ಹಾಕಿ ಹೊಸ ನಕ್ಷೆಯನ್ನೇ ಮಾಡಿದರೆ, ಆ ನಕ್ಷೆಯನ್ನು `CC BY-SA 4.0` ಅಡಿಯಲ್ಲೇ ಹಂಚಬೇಕಾಗುತ್ತದೆ. ಪರವಾನಗಿಯಲ್ಲಿ `ND` ಇದ್ದಿದ್ದರೆ ಅಂಥ ನಕ್ಷೆಯನ್ನು ಹಂಚುವಂತೆಯೇ ಇರಲಿಲ್ಲ. `NC` ಇದ್ದರೆ ವ್ಯಾಪಾರದ ಉದ್ದೇಶಕ್ಕೆ ಬಳಸಬಾರದು. ಪಿಪಿಟಿಯ ಕೊನೆಯಲ್ಲಿ ಪ್ರಾಯೋಜಕರ ಜಾಹೀರಾತು ಇದ್ದರೆ ಅಂಥ ಚಿತ್ರವನ್ನು ದೂರ ಇಡುವುದೇ ಕ್ಷೇಮ.

ಚಿತ್ರದ ಅಡಿಯಲ್ಲಿ ಬರೆಯಬೇಕಾದದ್ದು ಇಷ್ಟು: ‘ಸ್ಯಾಂಕಿ ಕೆರೆ. ಚಿತ್ರ: ಛಾಯಾಗ್ರಾಹಕರ ಹೆಸರು, ವಿಕಿಮೀಡಿಯ ಕಾಮನ್ಸ್, CC BY-SA 4.0. ಬಲಬದಿ ಕತ್ತರಿಸಿದೆ.’ ಹೆಸರನ್ನು ಪುಟದಲ್ಲಿ ಇದ್ದ ಹಾಗೆಯೇ ಬರೆಯಿರಿ, ಚಿತ್ರದ ಪುಟಕ್ಕೂ ಪರವಾನಗಿಯ ಪುಟಕ್ಕೂ ಕೊಂಡಿ ಕೊಡಿ. ಏನಾದರೂ ಬದಲಿಸಿದ್ದರೆ ಅದನ್ನು ಹೇಳಲೇಬೇಕು. ಆವೃತ್ತಿಯ ಸಂಖ್ಯೆಯನ್ನು ಅಲಕ್ಷಿಸಬೇಡಿ. 4.0ರಲ್ಲಿ ನಿಯಮ ತಪ್ಪಿದ್ದು ಗೊತ್ತಾದ 30 ದಿನಗಳೊಳಗೆ ಸರಿಪಡಿಸಿದರೆ ಬಳಸುವ ಹಕ್ಕು ತಾನಾಗಿ ಮರಳುತ್ತದೆ. 2.0, 3.0 ಆವೃತ್ತಿಗಳಲ್ಲಿ ಆ ಸೌಲಭ್ಯ ಇಲ್ಲ. ಹೆಸರು ಬರೆಯಲು ಮರೆತರೂ ಹಕ್ಕು ಅಲ್ಲಿಗೇ ಮುಗಿಯಿತು.

ಪತ್ರಿಕೆಯ ಚಿತ್ರಕ್ಕೆ ಇಂಥ ಯಾವ ಪರವಾನಗಿಯೂ ಇಲ್ಲ. ಪತ್ರಿಕೆಯ ಹೆಸರು ಹಾಕಿದ ಮಾತ್ರಕ್ಕೆ ಅನುಮತಿ ಸಿಕ್ಕಂತಲ್ಲ. ಲಿಖಿತ ಒಪ್ಪಿಗೆ ಪಡೆಯಿರಿ, ಇಲ್ಲವೇ ಚಿತ್ರ ತೆಗೆದು ಆ ವರದಿಗೆ ಕೊಂಡಿ ಕೊಡಿ.

ವಾಟ್ಸ್‌ಆ್ಯಪ್ ಚಿತ್ರಕ್ಕೆ ಕಳುಹಿಸಿದವರ ಒಪ್ಪಿಗೆ ಸಾಲದು, ತೆಗೆದವರ ಒಪ್ಪಿಗೆ ಬೇಕು. ‘ಬಳಸಬಹುದಾ?’ ‘ಆಗಲಿ’ ಎಂಬಷ್ಟರಲ್ಲೇ ಮುಗಿಸಿದರೆ ಮುಂದೆ ಗೊಂದಲ. ಹೀಗೆ ಬರೆದು ಕೇಳಿ: ‘ನೀವು ತೆಗೆದ ಈ ಕೆರೆಯ ಚಿತ್ರವನ್ನು ನಮ್ಮ ಸಂಘದ ಪಿಪಿಟಿಯಲ್ಲಿ ನಿಮ್ಮ ಹೆಸರಿನೊಂದಿಗೆ ಬಳಸಲು ಅನುಮತಿ ಕೊಡಿ. ಪಿಪಿಟಿಯೂ ಪಿಡಿಎಫ್ ಪ್ರತಿಯೂ ಜಾಲತಾಣದಲ್ಲಿ ಇರುತ್ತವೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಶಾಲೆಯವರು ತಿದ್ದಿ ಬಳಸುತ್ತಾರೆ. ಹೆಸರನ್ನು ಹೇಗೆ ಬರೆಯಬೇಕು ತಿಳಿಸಿ.’ ಬಂದ ಉತ್ತರವನ್ನು ಉಳಿಸಿಟ್ಟುಕೊಳ್ಳಿ.

ಕಟ್ಟಡಗಳ ವಿಷಯದಲ್ಲಿ ನಮ್ಮ ಕಾಯ್ದೆ ಉದಾರವಾಗಿದೆ. ವಿಧಾನಸೌಧದಂಥ ಕಟ್ಟಡದ ಚಿತ್ರ ತೆಗೆದು ಪ್ರಕಟಿಸಲು, ಸಾರ್ವಜನಿಕ ಜಾಗದಲ್ಲಿ ಕಾಯಂ ನಿಲ್ಲಿಸಿದ ಪ್ರತಿಮೆಯ ಚಿತ್ರ ಪ್ರಕಟಿಸಲು 52ನೇ ಕಲಂ ಅವಕಾಶ ಕೊಡುತ್ತದೆ. ಇನ್ನೊಬ್ಬರು ತೆಗೆದ ಫೋಟೊದ ಮೇಲೆ ಅವರಿಗಿರುವ ಹಕ್ಕು ಮಾತ್ರ ಹಾಗೆಯೇ ಇರುತ್ತದೆ. ಜೊತೆಗೆ, ನಗರದ ಗೋಡೆಗಳ ಮೇಲೆ ಬಿಡಿಸಿದ ವರ್ಣಚಿತ್ರಗಳನ್ನು ಆ ವಿನಾಯಿತಿ ಹೆಸರಿಸಿಲ್ಲ. ಅಂಥ ಚಿತ್ರವೇ ಸ್ಲೈಡಿನ ತುಂಬ ಇದ್ದರೆ ಕಲಾವಿದರನ್ನು ಕೇಳಿ.

ಫಾಂಟ್‌ಗಳಲ್ಲಿ ಕನ್ನಡದ್ದೇ ಒಂದು ತೊಡಕು

ಪವರ್‌ಪಾಯಿಂಟ್‌ನ `Replace Fonts` ಕಿಟಕಿ ತೆರೆದರೆ ಪಿಪಿಟಿಯಲ್ಲಿರುವ ಫಾಂಟ್‌ಗಳ ಪಟ್ಟಿ ಸಿಗುತ್ತದೆ. ಇಲ್ಲಿ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಿಕೊಳ್ಳಬೇಕು: ಈ ಫಾಂಟ್ ಬಳಸಿ ಬರೆಯುವ ಹಕ್ಕು ಇದೆಯೇ, ಫಾಂಟನ್ನು ಫೈಲಿನೊಳಗೆ ಸೇರಿಸಿ ಕೊಡುವ ಹಕ್ಕು ಇದೆಯೇ. ವಿಂಡೋಸ್‌ನಲ್ಲಿ ಫಾಂಟ್ ಫೈಲಿನ `Properties`ನಲ್ಲಿ `Font embeddability` ಎಂಬ ಸಾಲು ಇರುತ್ತದೆ. `Restricted` ಎಂದಿದ್ದರೆ ಸೇರಿಸುವಂತಿಲ್ಲ. `Editable`, `Installable` ಎಂದಿದ್ದರೆ ತಾಂತ್ರಿಕ ಅಡ್ಡಿ ಇಲ್ಲ, ಅಷ್ಟೆ. ಉಚಿತವಾಗಿ ಸಿಗುವ ಎಷ್ಟೋ ಅಲಂಕಾರದ ಫಾಂಟ್‌ಗಳಲ್ಲಿ ಈ ಸಾಲು `Installable` ಎನ್ನುತ್ತದೆ, ಜೊತೆಗೆ ಬಂದ ಪರವಾನಗಿಯ ಫೈಲ್ ಮಾತ್ರ ‘ಸ್ವಂತ ಬಳಕೆಗೆ ಮಾತ್ರ’ ಎನ್ನುತ್ತದೆ. ಪರವಾನಗಿಯ ಮಾತೇ ಅಂತಿಮ. ಸಂಘದ ಶೀರ್ಷಿಕೆಯ ಫಾಂಟ್ ಅಂಥದ್ದೇ ಆದರೆ ಬದಲಿಸಲೇಬೇಕು.

ಬದಲಿಗೆ ಏನು? ನೋಟೊ ಸ್ಯಾನ್ಸ್ ಕನ್ನಡ, ಬಾಲೂ ತಮ್ಮ 2, ತಿರೊ ಕನ್ನಡ, ಅನೇಕ್ ಕನ್ನಡ ಇವೆಲ್ಲ ಎಸ್‌ಐಎಲ್ ಓಪನ್ ಫಾಂಟ್ ಪರವಾನಗಿಯಲ್ಲಿ ಸಿಗುತ್ತವೆ. ಪಿಪಿಟಿಯಲ್ಲೂ ಪಿಡಿಎಫ್‌ನಲ್ಲೂ ಸೇರಿಸಿ ಹಂಚಬಹುದು. ನಿಮ್ಮ ಬರಹಕ್ಕೆ ಆ ಪರವಾನಗಿ ಅಂಟಿಕೊಳ್ಳುವುದಿಲ್ಲ.

ತೊಡಕು ಬರುವುದು ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ. ಅವು ಯೂನಿಕೋಡ್ ಅಲ್ಲ. `Nudi 01 e`ನಲ್ಲಿ ‘ಕನ್ನಡ’ ಎಂದು ಕಾಣುವ ಪದಕ್ಕೆ ನೇರವಾಗಿ ನೋಟೊ ಹಾಕಿದರೆ `PÀ£ÀßqÀ` ಎಂದಾಗುತ್ತದೆ. ಆದ್ದರಿಂದ ಮೊದಲು ಪರಿವರ್ತಕದಲ್ಲಿ ಪಠ್ಯವನ್ನು ಯೂನಿಕೋಡ್‌ಗೆ ತನ್ನಿ, ಆಮೇಲೆ ಫಾಂಟ್ ಬದಲಿಸಿ. ನಂತರ ಪ್ರತಿ ಸ್ಲೈಡನ್ನೂ ಓದಿ ನೋಡಿ: ಪರಿವರ್ತನೆಯಲ್ಲಿ ಅರ್ಕಾವತ್ತು ಜಾಗ ತಪ್ಪಿರಬಹುದು, ಹೊಸ ಫಾಂಟಿನ ಸಾಲು ಎತ್ತರವಾದ್ದರಿಂದ ಒತ್ತಕ್ಷರ ಕೆಳಗಿನ ಸಾಲಿಗೆ ತಾಗಬಹುದು ಅಥವಾ ಬರಹ ಚೌಕಟ್ಟಿನಿಂದ ಹೊರಚೆಲ್ಲಬಹುದು.

ಪಿಡಿಎಫ್ ಆದ ಮೇಲೆ ಅಕ್ರೋಬ್ಯಾಟ್ ರೀಡರ್‌ನಲ್ಲಿ `Properties` ತೆರೆದು `Fonts` ನೋಡಿ. ಲಿನಕ್ಸ್ ಬಳಸುವವರಿಗೆ ಒಂದು ಆದೇಶ ಸಾಕು:

```
pdffonts sankey.pdf
```

ನೀವು ತೆಗೆದೆನೆಂದುಕೊಂಡ ಫಾಂಟಿನ ಹೆಸರು ಈ ಪಟ್ಟಿಯಲ್ಲಿ ಇನ್ನೂ ಇದ್ದರೆ ಯಾವುದೋ ಪುಟ ಸಂಖ್ಯೆಯಲ್ಲೋ ನಕ್ಷೆಯ ಗುರುತಿನಲ್ಲೋ ಅದು ಉಳಿದಿದೆ. ಹಿಂತಿರುಗಿ ಹುಡುಕಿ.

ದಿನಾಂಕ ಸಹಿತ ದಾಖಲೆ

ಪ್ರತಿ ಚಿತ್ರಕ್ಕೂ ಫಾಂಟ್‌ಗೂ ಮೂಲ ಪುಟದ ವಿಳಾಸ, ಪರವಾನಗಿ, ಇಳಿಸಿಕೊಂಡ ದಿನಾಂಕ, ಆ ಪುಟದ ಸ್ಕ್ರೀನ್‌ಶಾಟ್ ಇವನ್ನು ಒಂದು ಎಕ್ಸೆಲ್ ಹಾಳೆಯಲ್ಲಿ ಇಡಿ. ದಿನಾಂಕಕ್ಕೆ ಕಾರಣವಿದೆ. ಅನ್‌ಸ್ಪ್ಲಾಶ್ ಎಂಬ ಚಿತ್ರತಾಣ 2017ರ ಜೂನ್‌ವರೆಗೆ, ಹಕ್ಕುಗಳನ್ನೆಲ್ಲ ಬಿಟ್ಟುಕೊಡುವ `CC0` ಅಡಿಯಲ್ಲಿ ಚಿತ್ರ ಕೊಡುತ್ತಿತ್ತು, ಆಮೇಲೆ ತನ್ನದೇ ಪರವಾನಗಿಗೆ ಬದಲಾಯಿತು. ಕ್ರಿಯೇಟಿವ್ ಕಾಮನ್ಸ್ ಪರವಾನಗಿಯನ್ನು ಕೊಟ್ಟವರು ಹಿಂಪಡೆಯುವಂತಿಲ್ಲ. ಆದರೆ ಪುಟವೇ ಅಳಿದುಹೋದ ಮೇಲೆ, ನೀವು ಚಿತ್ರ ತೆಗೆದುಕೊಂಡ ದಿನ ಅಲ್ಲಿ ಏನು ಬರೆದಿತ್ತು ಎಂಬುದನ್ನು ತೋರಿಸಲು ಆ ಸ್ಕ್ರೀನ್‌ಶಾಟ್ ಬೇಕಾಗುತ್ತದೆ. ಶಾಲೆಗೆ ಮೂಲ ಫೈಲ್ ಕಳುಹಿಸುವಾಗ ಈ ಹಾಳೆಯನ್ನೂ ಜೊತೆಗೆ ಕಳುಹಿಸಿ.