ವಾರಕ್ಕೆ ಮೂವತ್ತು ಆರ್ಡರ್ ಇರುವವನಿಗೆ ಒಂದು ಕ್ಯಾನ್ಸಲೇಶನ್ ಅಂದರೆ ಎಷ್ಟು?

ಚನ್ನಪಟ್ಟಣದ ಮರದ ಆಟಿಕೆಗಳನ್ನು ನಾನು ಅಮೆಜಾನ್‌ನಲ್ಲಿ ಮಾರುತ್ತೇನೆ. ಪ್ಯಾಕ್ ಮಾಡುವುದೂ ಸ್ಪೀಡ್ ಪೋಸ್ಟ್‌ಗೆ ಹಾಕುವುದೂ ನಾನೇ. 2023ರಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಊರನ್ನು ಬಳಸಿಕೊಂಡು ಹೋದಮೇಲೆ ಹಳೇ ಹೆದ್ದಾರಿಯಲ್ಲಿ ಕಾರು ನಿಲ್ಲಿಸಿ ಗೊಂಬೆ ಕೊಳ್ಳುವವರು ಕಡಿಮೆಯಾದರು. ಈಗ ಖಾತೆಗೆ ತಡೆ ಬಿದ್ದರೆ ಲೇತ್ ಮುಂದೆ ಕೂರುವವರ ಕೂಲಿಗೂ ತೊಂದರೆ. ಹಾಗಾಗಿ ದಿನಾ ಬೆಳಿಗ್ಗೆ ಆರ್ಡರ್ ನೋಡುವುದಕ್ಕೂ ಮೊದಲು ಅಮೆಜಾನ್‌ನ ಮಾರಾಟಗಾರರ ತಾಣವಾದ Seller Central‌ನಲ್ಲಿ Account Health ಪುಟ ತೆರೆಯುತ್ತೇನೆ.

ನನ್ನಂತೆ ಸ್ವತಃ ಕಳಿಸುವವರಿಗೆ ಅಲ್ಲಿ ಮುಖ್ಯವಾದ ಅಂಕಿ ಎರಡು. ಮಾರುವವರೇ ರದ್ದು ಮಾಡಿದ ಆರ್ಡರ್‌ಗಳು 7 ದಿನಗಳ ಒಟ್ಟು ಆರ್ಡರ್‌ಗಳಲ್ಲಿ ಶೇ. 2.5ಕ್ಕಿಂತ ಕಡಿಮೆ ಇರಬೇಕು. ತಡವಾಗಿ ರವಾನೆಯಾದವು 10 ದಿನಗಳ ಲೆಕ್ಕದಲ್ಲೂ 30 ದಿನಗಳ ಲೆಕ್ಕದಲ್ಲೂ ಶೇ. 4ಕ್ಕಿಂತ ಕಡಿಮೆ ಇರಬೇಕು. ಮೀರಿದರೆ ಖಾತೆಗೆ ತಡೆ ಬೀಳಬಹುದು.

ಮಿತಿ ಎಲ್ಲರಿಗೂ ಒಂದೇ. ಆದರೆ ಅದು ಹಿಂಡುವುದು ಸಣ್ಣ ವ್ಯಾಪಾರಿಯನ್ನು. ವಾರಕ್ಕೆ 1,000 ಆರ್ಡರ್ ಇರುವವರು 24 ರದ್ದು ಮಾಡಿದರೂ ಮಿತಿಯೊಳಗೇ ಇರುತ್ತಾರೆ. ನನಗೆ ಬರುವುದು ಸುಮಾರು 30. ಒಂದು ರದ್ದು ಮಾಡಿದರೂ ಶೇ. 3.3. ಒಂದು ರದ್ದನ್ನು ತಡೆದುಕೊಳ್ಳಲು ವಾರದಲ್ಲಿ ಕನಿಷ್ಠ 41 ಆರ್ಡರ್ ಬೇಕು. 40 ಇದ್ದರೆ ಸರಿಯಾಗಿ 2.5ಕ್ಕೆ ನಿಲ್ಲುತ್ತದೆ, ಅದಕ್ಕಿಂತ ಕಡಿಮೆ ಆಗುವುದಿಲ್ಲ. ಈ ಲೆಕ್ಕ ಮಾಡಿದ ದಿನವೇ ನನ್ನ ಪಾಲಿಗೆ ಮಿತಿ ಸೊನ್ನೆ ಎಂದು ಇಟ್ಟುಕೊಂಡೆ.

ರದ್ದು ಮಾಡುವ ಪ್ರಸಂಗ ಬರುವುದು ಹೆಚ್ಚಾಗಿ ಸರಕಿಲ್ಲದೆ. ನಮ್ಮ ಕಸುಬಿನಲ್ಲಿ ಸರಕು ಮುಗಿದರೆ ನಾಳೆಗೆ ತರಿಸಿಕೊಳ್ಳುವಂತಿಲ್ಲ. ಮರ ಒಣಗಿರಬೇಕು, ಅರಗಿನ ಬಣ್ಣ ಅದೇ ಛಾಯೆಗೆ ಬರಬೇಕು, ಆ ಕೆಲಸ ಬಲ್ಲ ಕೈ ಬಿಡುವಾಗಿರಬೇಕು. ಅದಕ್ಕೆ ಆನ್‌ಲೈನ್ ಸರಕಿಗೆ ಬೇರೆ ಬೀರು ಮಾಡಿಸಿದ್ದೇನೆ. ಅಂಗಡಿಗೆ ಬಂದವರು ಎಷ್ಟೇ ಕೇಳಿದರೂ ಅದರಿಂದ ತೆಗೆದುಕೊಡುವುದಿಲ್ಲ. ಬೀರುವಿನಲ್ಲಿ 12 ಇದ್ದರೆ ಪಟ್ಟಿಯಲ್ಲಿ 9 ಎಂದು ಹಾಕುತ್ತೇನೆ. ಉಳಿದ ಮೂರು, ಪ್ಯಾಕ್ ಮಾಡುವಾಗ ಬಿರುಕು ಕಂಡರೆ ಬದಲಿಗೆ ಇಡಲು. ಮರದ ವಸ್ತುವಿನಲ್ಲಿ ಆ ಬಿರುಕು ಕೊನೇ ಗಳಿಗೆಯಲ್ಲೇ ಕಣ್ಣಿಗೆ ಬೀಳುವುದು.

ಗ್ರಾಹಕರೇ ಬೇಡ ಎಂದರೆ ಅದು ನಮ್ಮ ಲೆಕ್ಕಕ್ಕೆ ಬರುವುದಿಲ್ಲ, ಆದರೆ ದಾರಿ ಸರಿಯಿರಬೇಕು. ಅವರು ತಮ್ಮ Your Orders ಪುಟದಿಂದ ರದ್ದತಿ ಕೋರಿರಬೇಕು, ನಾವು ರದ್ದು ಮಾಡುವಾಗ ಗ್ರಾಹಕರ ಕೋರಿಕೆ ಎಂಬ ಕಾರಣವನ್ನೇ ಆರಿಸಬೇಕು. ಬರೀ ಮೆಸೇಜಿನಲ್ಲಿ ‘ಬೇಡ ಬಿಡಿ’ ಎಂದು ಬರೆದವರಿಗೆ ಆ ಪುಟದಿಂದಲೇ ಕೋರಿಕೆ ಕಳಿಸಲು ವಿನಂತಿಸುತ್ತೇನೆ. ಇದರ ತಿರುವುಮುರುವು ಮಾತ್ರ ಕೂಡದು: ನಮ್ಮಲ್ಲಿ ಸರಕಿಲ್ಲದಿದ್ದಾಗ ಗ್ರಾಹಕರಿಗೆ ಹೇಳಿ ಅವರಿಂದ ರದ್ದು ಮಾಡಿಸುವುದು. ಅದು ನಿಯಮಭಂಗ. ರದ್ದತಿಯ ಅಂಕಿ ಕೆಡುವುದಕ್ಕಿಂತ ದೊಡ್ಡ ಅಪಾಯ. ಕೆಂಪು ಕೇಳಿದವರಿಗೆ ಕೇಳದೆ ಹಸಿರು ಕಳಿಸುವುದೂ ಹಾಗೆಯೇ. ದೂರು, ಕೆಟ್ಟ ಫೀಡ್‌ಬ್ಯಾಕ್ ಬಂದರೆ ಅವು Order Defect Rate‌ಗೆ ಸೇರುತ್ತವೆ, ಅದರ ಮಿತಿ ಶೇ. 1. ನಿಜವಾಗಿಯೂ ಸರಕಿಲ್ಲವೆಂದರೆ ನಿಜವಾದ ಕಾರಣ ಕೊಟ್ಟು ಬೇಗ ರದ್ದು ಮಾಡಿ, ಆ ವಸ್ತುವಿನ ಸಂಖ್ಯೆಯನ್ನು ಆಗಲೇ ಸೊನ್ನೆ ಮಾಡುವುದೊಂದೇ ದಾರಿ.

ತಡದ ವಿಷಯಕ್ಕೆ ಬಂದರೆ, ಆರ್ಡರ್ ಮೇಲೆ ಕಾಣುವ Ship by ದಿನಾಂಕ ದಾಟಿ Confirm shipment ಒತ್ತಿದರೆ ಅದು ತಡ. ಆ ದಿನಾಂಕ ಬರುವುದು, ಆರ್ಡರ್ ಬಂದಮೇಲೆ ಕಳಿಸಲು ಎಷ್ಟು ದಿನ ಬೇಕೆಂದು ನಾವೇ ಕೊಟ್ಟ Handling time‌ನಿಂದ. ಒಂದು ದಿನ ಎಂದು ಹಾಕಿದರೆ ಆರ್ಡರ್ ಹೆಚ್ಚು ಬರಬಹುದೆಂದು ಅನೇಕರು ಹಾಗೆ ಹಾಕುತ್ತಾರೆ. ನಾನು ಹೆಸರು ಕೆತ್ತಿಕೊಡುವ ಆಟಿಕೆಗಳಿಗೆ ಹೆಚ್ಚು ದಿನ, ಬೀರುವಿನಲ್ಲಿ ಸಿದ್ಧವಿರುವವಕ್ಕೆ ಕಡಿಮೆ ದಿನ ಹಾಕಿ, ಒಂದೊಂದು ವಸ್ತುವಿಗೂ ಬೇರೆಬೇರೆ ಇಟ್ಟಿದ್ದೇನೆ. ಮಳೆಗಾಲದಲ್ಲಿ ಮರ ಒಣಗುವುದು ನಿಧಾನ, ಜೂನ್ ಬರುವ ಮೊದಲೇ ದಿನ ಏರಿಸುತ್ತೇನೆ. ಈ ಬದಲಾವಣೆ ಮುಂದೆ ಬರುವ ಆರ್ಡರ್‌ಗಳಿಗಷ್ಟೇ ಅನ್ವಯ. ಈಗಾಗಲೇ ಬಂದವಕ್ಕೆ ಹಳೇ ದಿನಾಂಕವೇ ಗತಿ. ಮಳೆ ಹಿಡಿದಮೇಲೆ ಏರಿಸಿದರೆ ಉಪಯೋಗವಿಲ್ಲ.

ಇಲ್ಲಿಯೂ ಸಣ್ಣ ಸಂಖ್ಯೆಯ ಕಷ್ಟವೇ. ಹತ್ತು ದಿನಕ್ಕೆ 43 ಆರ್ಡರ್ ಅಂದುಕೊಳ್ಳಿ: ಒಂದು ತಡವಾದರೆ ಶೇ. 2.3, ಎರಡಾದರೆ 4.65. ಅದಕ್ಕೇ ಕೆಲವರು ಗಡುವಿನ ಸಂಜೆ ಡಬ್ಬ ಮನೆಯಲ್ಲೇ ಇಟ್ಟುಕೊಂಡು Confirm ಒತ್ತಿಬಿಡುತ್ತಾರೆ. ಅಂಚೆಯ ಸ್ಕ್ಯಾನ್ ಎರಡು ದಿನ ಬಿಟ್ಟು ಬಿದ್ದಾಗ ಗ್ರಾಹಕರಿಗೆ ಗೊತ್ತಾಗಿಯೇ ಆಗುತ್ತದೆ. ನಾನು ಅಂಚೆ ಕಚೇರಿಯಲ್ಲಿ ರಸೀದಿ ಕೈಗೆ ಬಂದಮೇಲೆ, ಅಲ್ಲೇ ಫೋನಿನಲ್ಲಿ ನಂಬರ್ ಹಾಕಿ Confirm ಮಾಡುತ್ತೇನೆ. ಸ್ಪೀಡ್ ಪೋಸ್ಟ್ ನಂಬರ್ ಎರಡು ಅಕ್ಷರ, ಒಂಬತ್ತು ಅಂಕಿ, ಕೊನೆಗೆ IN. ಒಂದು ಅಂಕಿ ತಪ್ಪಿದರೂ ಟ್ರ್ಯಾಕಿಂಗ್ ಸಿಗುವುದಿಲ್ಲ, ಸರಿಯಾದ ಟ್ರ್ಯಾಕಿಂಗ್‌ಗೂ ಕನಿಷ್ಠ ಶೇ. 95ರ ಬೇರೆ ಮಿತಿಯಿದೆ.

ಕಳೆದ ವರ್ಷ ನಮ್ಮ ಬೀದಿಯ ಹುಡುಗನೊಬ್ಬನಿಗೆ ರದ್ದತಿಯ ಬಗ್ಗೆ ಎಚ್ಚರಿಕೆ ಬಂತು. “ಅಣ್ಣ, ಕ್ಯಾನ್ಸಲ್ ಆಗಿದ್ದು ಎರಡೇ. ಅದಕ್ಕೆ ಖಾತೆನೇ ನಿಲ್ಲಿಸ್ತಾರಾ?” ಎಂದು ಫೋನ್ ಹಿಡಿದುಕೊಂಡು ಬಂದ. ವಾರದಲ್ಲಿ 26 ಆರ್ಡರ್, ಎರಡು ರದ್ದು, ಶೇ. 7.7. ಹೆದರಿ ಎಲ್ಲ ವಸ್ತುಗಳ ಮಾರಾಟ ನಿಲ್ಲಿಸಿಬಿಡುವವನಿದ್ದ. ನಾನು ತಡೆದೆ. ಮಾರಾಟ ನಿಂತರೆ ಕೆಳಗಿನ ಸಂಖ್ಯೆ ಕುಗ್ಗುತ್ತದೆ. ವಾರದ ಆರ್ಡರ್ 12ಕ್ಕೆ ಇಳಿದರೆ ಅದೇ ಎರಡು ರದ್ದು ಶೇ. 16ಕ್ಕೂ ಮೇಲೆ ಹೋಗುತ್ತದೆ. ಕೈಯಲ್ಲಿ ಸರಕು ಖಚಿತವಾಗಿ ಇರುವುದನ್ನೆಲ್ಲ ಹಾಗೇ ಬಿಟ್ಟು, ಅನುಮಾನ ಇರುವುದನ್ನು ಮಾತ್ರ ಸೊನ್ನೆ ಮಾಡಿಸಿದೆ.

ಆಮೇಲೆ Account Health‌ನಿಂದ ರದ್ದತಿಯ ವರದಿ ಇಳಿಸಿಕೊಂಡು ಆರ್ಡರ್ ನಂಬರ್ ಹಿಡಿದು ಒಂದೊಂದನ್ನೂ ನೋಡಿದೆವು. ಎರಡೂ ಒಂದೇ ವಸ್ತು, ಮಕ್ಕಳು ಒಂದರ ಮೇಲೊಂದು ಜೋಡಿಸುವ ಬಳೆಗಳ ಸೆಟ್. ಅವನ ಬಳಿ ಇದ್ದದ್ದು 14, ಆದರೆ ಎರಡು ತಾಣಗಳಲ್ಲೂ 14 ಎಂದೇ ಹಾಕಿದ್ದ. ಇನ್ನೊಂದು ತಾಣದಲ್ಲಿ ಎಲ್ಲ ಖಾಲಿಯಾದ ರಾತ್ರಿಯೇ ಇಲ್ಲಿ ಎರಡು ಆರ್ಡರ್ ಬಂದಿದ್ದವು.

ಅಮೆಜಾನ್ ವಿವರಣೆ ಕೇಳಿದ್ದಕ್ಕೆ ಅವನು ಮೊದಲು ಬರೆದದ್ದು ಕ್ಷಮಾಪಣೆ, ಮಳೆ, ಮನೆಯ ಕಷ್ಟ. ಓದುವವರು ಹುಡುಕುವುದು ಬೇರೆ: ಯಾಕಾಯಿತು, ಈಗ ಏನು ಮಾಡಿದಿರಿ, ಮತ್ತೆ ಆಗದಂತೆ ಏನು ಬದಲಿಸಿದಿರಿ. ಕೂತು ಮೂರೇ ಪ್ಯಾರಾ ಬರೆದೆವು. ಎರಡು ಆರ್ಡರ್ ನಂಬರ್ ಮತ್ತು ಒಂದೇ ಸರಕು ಎರಡು ಕಡೆ ಪಟ್ಟಿಯಾದ ಕಾರಣ ಮೊದಲನೆಯದರಲ್ಲಿ. ಆ ಸೆಟ್ ಸೊನ್ನೆ ಮಾಡಿದ್ದು, ಉಳಿದೆಲ್ಲ ಸರಕನ್ನು ಕೈಯಿಂದ ಎಣಿಸಿದ್ದು ಎರಡನೆಯದರಲ್ಲಿ. ತಾಣಕ್ಕೊಂದು ಪ್ರತ್ಯೇಕ ಪಾಲು, ದಿನಾ ರಾತ್ರಿ ಎಣಿಕೆ, ಅದನ್ನು ಮಾಡುವವರು ಯಾರು ಎಂಬುದು ಮೂರನೆಯದರಲ್ಲಿ. ಮಾಡಲಾಗದ್ದನ್ನು ಬರೆಯಬೇಡ ಎಂದು ಅವನಿಗೆ ಒತ್ತಿ ಹೇಳಿದೆ.

ಆ ಎರಡು ಆರ್ಡರ್‌ಗಳು ಏಳು ದಿನಗಳ ಲೆಕ್ಕದಿಂದ ಹೊರಬಿದ್ದಮೇಲೆ ಅಂಕಿ ಸೊನ್ನೆಗೆ ಬಂತು, ಖಾತೆ ಉಳಿಯಿತು. ಬಳೆ ಸೆಟ್ ಹೊಸದಾಗಿ 14 ಬಂದಾಗ ಅವನು ಇಲ್ಲಿ ಆರು, ಅಲ್ಲಿ ಐದು ಹಾಕಿ, ಮೂರನ್ನು ತನ್ನ ಬೀರುವಿನಲ್ಲೇ ಇಟ್ಟುಕೊಂಡ.