ಹಾಡು ಬರುತ್ತೆ, ಮಾತು ಬರಲ್ಲ: ಕಾರಿನ ಬ್ಲೂಟೂತ್ ಸರಿಯಾಗಿ ಜೋಡಿಸುವುದು ಹೇಗೆ?

ನಮ್ಮ ಭಾವನದು ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ. ವಾರಕ್ಕೆ ಎರಡು ಮೂರು ಸಲ ತುಮಕೂರಿಗೆ ಬರುತ್ತಾರೆ. ಹರಾಜಿನ ದಿನವಂತೂ ಫೋನ್ ಬಿಡುವು ಕೊಡುವುದಿಲ್ಲ. ಹೋದ ತಿಂಗಳು ಒಂದು ಸೆಕೆಂಡ್ ಹ್ಯಾಂಡ್ ಕಾರು ತಗೊಂಡರು. ಅದರಲ್ಲಿ ಸ್ಕ್ರೀನ್ ಇದೆ, ಸ್ಟೀರಿಂಗ್ ಮೇಲೆ ಕರೆ ಎತ್ತುವ ಬಟನ್ ಇದೆ. ಕಾರು ಕೊಟ್ಟ ಹುಡುಗ ಅಲ್ಲೇ ನಿಂತು ಫೋನ್ ಜೋಡಿಸಿ, ಒಂದು ಹಾಡು ಹಾಕಿ, "ಆಯ್ತು ಸಾರ್" ಅಂದ.

ಗುಬ್ಬಿ ದಾಟುವಾಗ ಕರೆ ಬಂತು. ಹಾಡು ನಿಂತಿತು. ಆದರೆ ಮಾತು ಕೇಳಿಸಿದ್ದು ಜೇಬಿನೊಳಗಿಂದ. ಸ್ಕ್ರೀನ್ ಮೇಲೆ ಹೆಸರೂ ಇಲ್ಲ, ನಂಬರೂ ಇಲ್ಲ. ಮನೆಗೆ ಬಂದು ಫೋನಿನಿಂದ ಕಾರಿನ ಹೆಸರು ಅಳಿಸಿ ಮತ್ತೆ ಜೋಡಿಸಲು ಹೋದರೆ ಫೋನ್ ಇಂಗ್ಲಿಷಿನಲ್ಲಿ ಬೈಯಿತು: `incorrect PIN or passkey`. "ಏನೋ ಇದು, ನಾನು ಪಿನ್ನೇ ಹಾಕಿಲ್ಲ, ತಪ್ಪು ಎಲ್ಲಿಂದ ಬಂತು?" ಅಂತ ನನಗೆ ಫೋನ್ ಮಾಡಿದರು. ಭಾನುವಾರ ಅವರ ಮನೆ ಮುಂದೆ ಕಾರಿನಲ್ಲಿ ಕೂತು ಇಬ್ಬರೂ ಸರಿಮಾಡಿದೆವು. ಆ ಕೆಲಸವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ ತಿಳಿದಿರಲಿ

ಬ್ಲೂಟೂತ್ ಕನೆಕ್ಟ್ ಆಗಿದೆ ಅಂದರೆ ಎಲ್ಲ ಬಂದ ಹಾಗೆ ಅಂತ ನಾವು ಅಂದುಕೊಳ್ಳುತ್ತೇವೆ. ಹಾಗಲ್ಲ. ತೋಟದಲ್ಲಿ ಬೋರ್‌ವೆಲ್ ಒಂದೇ ಇದ್ದರೂ ನಾಲ್ಕು ಕಡೆಗೆ ನಾಲ್ಕು ಗೇಟ್ ವಾಲ್ವ್ ಇರುತ್ತಲ್ಲ, ಇದೂ ಹಾಗೇ. ಹಾಡಿಗೆ ಒಂದು ದಾರಿ, ಕರೆಯ ಮಾತಿಗೆ ಇನ್ನೊಂದು, ಹೆಸರು-ನಂಬರ್ ಪಟ್ಟಿಗೆ ಮತ್ತೊಂದು, ಮೆಸೇಜಿಗೆ ಬೇರೆಯೇ ಒಂದು. ಪ್ರತಿ ದಾರಿಗೂ ಫೋನಿನಲ್ಲಿ ಬೇರೆ ಬೇರೆ ಒಪ್ಪಿಗೆ ಬೇಕು. ಹಾಡು ಬಂದರೆ ಅದೊಂದು ವಾಲ್ವ್ ತೆರೆದಿದೆ ಅಂತ ಅಷ್ಟೇ ಅರ್ಥ. ಹಾಡು ಹಾಕಿ ತೋರಿಸಿ "ಆಯ್ತು" ಅನ್ನುವವರನ್ನು ನಂಬಬೇಡಿ. ಕರೆ ಮಾಡಿಸಿ ನೋಡಿ.

ಎರಡೂ ಕಡೆ ಅಳಿಸಿ

ಭಾವ ಎಡವಿದ್ದು ಇಲ್ಲೇ. ಮೊದಲ ಸಲ ಜೋಡಿಸುವಾಗ ಫೋನು ಮತ್ತು ಕಾರು ತಮ್ಮಿಬ್ಬರಿಗೆ ಮಾತ್ರ ಗೊತ್ತಿರುವ ಒಂದು ಗುಟ್ಟಿನ ಕೀಲಿ ಮಾಡಿಕೊಳ್ಳುತ್ತವೆ. ಅದನ್ನು ಎರಡೂ ತಮ್ಮ ತಮ್ಮ ಹತ್ತಿರ ಇಟ್ಟುಕೊಳ್ಳುತ್ತವೆ. ಆಮೇಲೆ ನೀವು ಕಾರು ಸ್ಟಾರ್ಟ್ ಮಾಡಿದಾಗಲೆಲ್ಲ ಕೇಳದೆ ಕನೆಕ್ಟ್ ಆಗುವುದು ಆ ಕೀಲಿಯಿಂದಲೇ. ಭಾವ ಫೋನಿನಲ್ಲಿ ಮಾತ್ರ ಅಳಿಸಿದ್ದರು. ಕಾರಿನ ಹತ್ತಿರ ಹಳೆ ಕೀಲಿ ಹಾಗೇ ಉಳಿದಿತ್ತು. ಒಬ್ಬರ ಹತ್ತಿರ ಕೀಲಿ ಇದೆ, ಇನ್ನೊಬ್ಬರ ಹತ್ತಿರ ಇಲ್ಲ. ತಾಳೆ ಆಗಲಿಲ್ಲ. ಅದನ್ನೇ ಫೋನ್ "ತಪ್ಪು ಪಿನ್" ಅಂತ ಹೇಳಿದ್ದು. ಹೊಸ ಫೋನ್ ತಗೊಂಡಾಗ, ಫೋನ್ ಪೂರ್ತಿ ರೀಸೆಟ್ ಮಾಡಿದಾಗಲೂ ಇದೇ ತಾಪತ್ರಯ ಬರಬಹುದು.

ಹಾಗಾಗಿ ಕಾರು ನಿಲ್ಲಿಸಿ, ಇಗ್ನಿಷನ್ ಆನ್ ಮಾಡಿ. ಎಂಜಿನ್ ಓಡಬೇಕಿಲ್ಲ. ಕಾರು ಚಲಿಸುತ್ತಿರುವಾಗ ಬಹಳಷ್ಟು ಸ್ಕ್ರೀನ್‌ಗಳು ಜೋಡಿಸಲು ಬಿಡುವುದೇ ಇಲ್ಲ. ಫೋನಿನಲ್ಲಿ ಬ್ಲೂಟೂತ್ ಪುಟಕ್ಕೆ ಹೋಗಿ, ಕಾರಿನ ಹೆಸರಿನ ಪಕ್ಕದ ಗೇರ್ ಗುರುತು ಒತ್ತಿ `Forget` ಕೊಡಿ. ಐಫೋನಿನಲ್ಲಾದರೆ ಹೆಸರಿನ ಪಕ್ಕ ಒಂದು ಸಣ್ಣ `i` ಇರುತ್ತದೆ, ಅದರೊಳಗೆ `Forget This Device`. ಆಮೇಲೆ ಕಾರಿನ ಸ್ಕ್ರೀನಿನಲ್ಲಿ ಜೋಡಿಸಿದ ಫೋನುಗಳ ಪಟ್ಟಿ ತೆಗೆದು ಅಲ್ಲೂ ನಿಮ್ಮ ಫೋನ್ ಅಳಿಸಿ.

ಭಾವನ ಕಾರಿನ ಪಟ್ಟಿ ತೆಗೆದರೆ ಐದು ಫೋನು. ಒಂದು ಇವರದು, ಮಿಕ್ಕ ನಾಲ್ಕು ಹಳೇ ಮಾಲೀಕರ ಮನೆಯವರದ್ದು. ಆ ಕಾರಿನಲ್ಲಿ ಹಿಡಿಸುವುದೇ ಐದು. ಕೆಲವು ಕಾರು ಐದಕ್ಕೆ ನಿಲ್ಲಿಸುತ್ತವೆ, ಕೆಲವು ಹತ್ತರವರೆಗೆ ಹೋಗುತ್ತವೆ. ಪಟ್ಟಿ ತುಂಬಿದ್ದರೆ ಕೆಲವು ಸ್ಕ್ರೀನ್ ನೆಟ್ಟಗೆ ಹೇಳುತ್ತವೆ, ಕೆಲವು ಸುಮ್ನೆ ಸುತ್ತುತ್ತಾ ಕೂತು ಕೊನೆಗೆ ಕೈಕೊಡುತ್ತವೆ. ನಾವು ಐದನ್ನೂ ಅಳಿಸಿದೆವು. ಸೆಕೆಂಡ್ ಹ್ಯಾಂಡ್ ಕಾರು ತಂದ ದಿನವೇ ಈ ಕೆಲಸ ಮಾಡಿಬಿಡಿ. ನಿಮ್ಮ ಕಾರು ಮಾರುವಾಗಲೂ ಅಷ್ಟೇ, ನಿಮ್ಮ ಮನೆಯವರ ಹೆಸರುಗಳು ಬೇರೆಯವರ ಡ್ಯಾಶ್‌ಬೋರ್ಡಿನಲ್ಲಿ ಯಾಕೆ ಇರಬೇಕು ಅಲ್ವಾ?

ಅಳಿಸಿದ ಮೇಲೆ ಫೋನ್ ಒಂದು ಸಲ ಆಫ್ ಮಾಡಿ ಆನ್ ಮಾಡಿ. ಕಾರನ್ನೂ ಆಫ್ ಮಾಡಿ, ಬಾಗಿಲು ತೆಗೆದು ಸ್ಕ್ರೀನ್ ಪೂರ್ತಿ ಆರುವವರೆಗೆ ಕಾಯಿರಿ.

ಹೊಸದಾಗಿ ಜೋಡಿಸುವುದು

ಫೋನಿನಲ್ಲಿ ಬ್ಲೂಟೂತ್ ಪುಟ ತೆರೆದೇ ಇಟ್ಟುಕೊಳ್ಳಿ. ಆ ಪುಟ ಮುಚ್ಚಿದರೆ ಫೋನ್ ಹೊಸ ಸಾಧನಗಳ ಕಣ್ಣಿಗೆ ಬೀಳುವುದಿಲ್ಲ. "ಕಾರಿಗೆ ಫೋನ್ ಸಿಗ್ತಾನೇ ಇಲ್ಲ" ಅನ್ನುವ ದೂರುಗಳಲ್ಲಿ ಬಹುಪಾಲು ಇದೇ. ಕಾರಿನಲ್ಲಿ ಹೊಸ ಫೋನ್ ಸೇರಿಸುವ ಬಟನ್ ಒತ್ತಿ. ಮಾರುಕಟ್ಟೆ ಯಾರ್ಡಿನಂಥ ಜಾಗದಲ್ಲಿ ಮಾಡುತ್ತಿದ್ದರೆ ಒಂದು ಎಚ್ಚರ: ಅದೇ ಕಂಪನಿಯ ಇನ್ನೆರಡು ಕಾರು ಪಕ್ಕದಲ್ಲಿದ್ದರೆ ಅವುಗಳ ಹೆಸರೂ ಒಂದೇ ಥರ ಕಾಣಬಹುದು. ಸಾಧ್ಯವಾದರೆ ಒಂಟಿಯಾಗಿ ನಿಲ್ಲಿಸಿ ಮಾಡಿ.

ಈಗ ಎರಡೂ ಕಡೆ ಆರು ಅಂಕಿಯ ಒಂದು ಸಂಖ್ಯೆ ಬರುತ್ತದೆ. ಎರಡೂ ಒಂದೇನಾ ನೋಡಿ, ಎರಡರಲ್ಲೂ ಒಪ್ಪಿಗೆ ಕೊಡಿ. ಫೋನಿನಲ್ಲಿ ಒಪ್ಪಿ ಕಾರಿನಲ್ಲಿ ಮರೆತರೆ ಸ್ವಲ್ಪ ಹೊತ್ತಿಗೆ ಅದು ಬಿಟ್ಟುಬಿಡುತ್ತದೆ. ಹಳೇ ಸೆಟ್ಟುಗಳಾದರೆ ಸಂಖ್ಯೆ ತೋರಿಸದೆ ಪಿನ್ ಕೇಳಬಹುದು. ಸಾಮಾನ್ಯವಾಗಿ 0000 ಅಥವಾ 1234 ಇರುತ್ತದೆ.

ಆಂಡ್ರಾಯ್ಡ್ ಫೋನಿನಲ್ಲಿ ಈ ಸಂಖ್ಯೆಯ ಕೆಳಗೇ ಒಂದು ಸಣ್ಣ ಚೌಕ ಇರುತ್ತದೆ. ಹೆಸರುಗಳ ಪಟ್ಟಿ, ಕರೆಗಳ ಪಟ್ಟಿ ಕಾರಿಗೆ ಕೊಡಬಹುದಾ ಅಂತ ಅದು ಕೇಳುತ್ತದೆ. ಅದಕ್ಕೆ ಗುರುತು ಹಾಕದೆ `Pair` ಒತ್ತಿದರೆ ಹಾಡೂ ಬರುತ್ತದೆ, ಕರೆಯೂ ಬರುತ್ತದೆ, ಹೆಸರು ಮಾತ್ರ ಬರುವುದಿಲ್ಲ. ಕಾರು ಕೊಟ್ಟ ಹುಡುಗ ಅವಸರದಲ್ಲಿ ಇದನ್ನೂ ಬಿಟ್ಟಿದ್ದ.

ಮೆಸೇಜಿನ ಒಪ್ಪಿಗೆ ಇನ್ನೂ ಮೋಸದ್ದು. ಅದು ಜೋಡಿಸುವಾಗ ಬರುವುದಿಲ್ಲ. ಎಷ್ಟೋ ಆಂಡ್ರಾಯ್ಡ್ ಫೋನುಗಳಲ್ಲಿ ಕನೆಕ್ಟ್ ಆದ ಮೇಲೆ ಮೇಲಿಂದ ಎಳೆಯುವ ನೋಟಿಫಿಕೇಷನ್ ಪಟ್ಟಿಯಲ್ಲಿ ಒಂದು ಸಾಲಾಗಿ ಬಂದು ಕೂರುತ್ತದೆ. ನಾವು ಎಲ್ಲವನ್ನೂ ಒಟ್ಟಿಗೆ ಸರಿಸಿ ಹಾಕುವಾಗ ಅದೂ ಹೋಗುತ್ತದೆ. ಹೋಗಿದ್ದರೆ ಚಿಂತೆಯಿಲ್ಲ, ಕಾರಿನ ಹೆಸರಿನ ಪಕ್ಕದ ಗೇರ್ ಒತ್ತಿ. ನಮ್ಮ ನಾಲ್ಕು ವಾಲ್ವುಗಳೂ ಸ್ವಿಚ್ಚುಗಳಾಗಿ ಅಲ್ಲೇ ಇರುತ್ತವೆ. ಒಂದೊಂದು ಫೋನಿನಲ್ಲಿ ಒಂದೊಂದು ಹೆಸರು, ಆದರೆ ಕರೆ, ಆಡಿಯೋ, ಕಾಂಟ್ಯಾಕ್ಟ್, ಮೆಸೇಜ್ ಅಂತ ಗುರುತು ಸಿಗುತ್ತದೆ. ಭಾವನ ಫೋನಿನಲ್ಲಿ ಹಿಂದೆ ಆಡಿಯೋ ಒಂದೇ ಆನ್ ಇತ್ತಂತೆ. ಐಫೋನಿನಲ್ಲಿ ಆ `i` ಒಳಗೆ `Sync Contacts` ಹೆಸರುಗಳಿಗೆ, `Show Notifications` ಮೆಸೇಜಿಗೆ. ಎರಡನೆಯದರ ಹೆಸರು ನೋಡಿದರೆ ಮೆಸೇಜಿಗೆ ಸಂಬಂಧ ಇದೆ ಅಂತ ಯಾರಿಗೆ ಹೊಳೆಯುತ್ತೆ ಹೇಳಿ.

ಪರೀಕ್ಷೆ ಹೀಗಿರಲಿ

ಅಕ್ಕನಿಗೆ ಮನೆಯೊಳಗಿಂದ ಕರೆ ಮಾಡಲು ಹೇಳಿದೆ. ಹೆಸರು ಬಂತು, ಸ್ಟೀರಿಂಗ್ ಬಟನ್ನಿನಲ್ಲೇ ಎತ್ತಿದರು, ಮಾತು ಸ್ಪೀಕರಿನಲ್ಲಿ ಬಂತು. ಬರದಿದ್ದರೆ ಕರೆ ನಡೆಯುತ್ತಿರುವಾಗಲೇ ಫೋನಿನ ಪರದೆಯಲ್ಲಿ ಸ್ಪೀಕರ್ ಗುರುತು ಒತ್ತಿ ನೋಡಿ. ಅಲ್ಲಿ ಕಾರಿನ ಹೆಸರು ಇದ್ದು ಗುರುತು ಬೇರೆ ಕಡೆ ಇದ್ದರೆ, ಜೇಬಿನಲ್ಲಿರುವ ಇಯರ್‌ಬಡ್ಸ್ ಕರೆಯನ್ನು ಎಳೆದುಕೊಂಡಿರಬಹುದು. ಕಾರಿನ ಹೆಸರೇ ಇಲ್ಲದಿದ್ದರೆ ಕರೆಯ ಸ್ವಿಚ್ ಆಫ್ ಇದೆ ಅಂತ.

"ನನ್ನ ದನಿ ನನಗೇ ವಾಪಸ್ ಬರ್ತಿದೆ" ಅಂದಳು ಅಕ್ಕ. ಇದು ಅವಳ ಫೋನಿನ ತೊಂದರೆಯಲ್ಲ. ಕಾರಿನ ಸ್ಪೀಕರಿನಿಂದ ಹೊರಟ ಅವಳ ದನಿ ಕಾರಿನ ಮೈಕಿಗೆ ಹೊಕ್ಕು ತಿರುಗಿ ಹೋಗುತ್ತಿತ್ತು. ಕರೆಯ ವಾಲ್ಯೂಮ್ ಇಳಿಸಿದಾಗ ನಿಂತಿತು. ಹಾಡಿನ ವಾಲ್ಯೂಮ್ ಬೇರೆ, ಕರೆಯದು ಬೇರೆ. ಕರೆ ನಡೆಯುತ್ತಿರುವಾಗ ತಿರುಗಿಸಿದರೇನೇ ಕರೆಯದು ಇಳಿಯುತ್ತದೆ. ಮೈಕು ಸಾಮಾನ್ಯವಾಗಿ ಒಳಗಿನ ಲೈಟಿನ ಹತ್ತಿರ, ಚಾವಣಿಯಲ್ಲಿರುತ್ತದೆ. ಎಸಿ ಗಾಳಿ ಆ ಕಡೆ ತಿರುಗಿದ್ದರೆ ಎದುರಿನವರಿಗೆ ಬರೀ ಬುಸ್ ಅನ್ನುತ್ತದೆ.

ಮೆಸೇಜ್ ಓದುವುದು, ಓದದಿರುವುದು

ಈ ದಾರಿಯಲ್ಲಿ ಕಾರಿಗೆ ಹೋಗುವುದು ಎಸ್ಸೆಮ್ಮೆಸ್. ಫೋನಿನಿಂದ ಅಕ್ಷರ ತಗೊಂಡು ಕಾರು ತನ್ನದೇ ದನಿಯಲ್ಲಿ ಓದುತ್ತದೆ. ವಾಟ್ಸಾಪ್ ಈ ದಾರಿಯಲ್ಲಿ ಹೋಗುವುದಿಲ್ಲ. ಎಷ್ಟು ಸಲ ಅಳಿಸಿ ಜೋಡಿಸಿದರೂ ಅಷ್ಟೇ. ಅದು ಬೇಕೆಂದರೆ ಆಂಡ್ರಾಯ್ಡ್ ಆಟೋ ಅಥವಾ ಕಾರ್‌ಪ್ಲೇ ಇರುವ ಸ್ಕ್ರೀನ್ ಬೇಕು. ಅಲ್ಲಿ ಓದುವುದು ಫೋನಿನ ದನಿ. ಅಂದಹಾಗೆ, ಆಂಡ್ರಾಯ್ಡ್ ಆಟೋಗೆ ಕೇಬಲ್ ಹಾಕಿದರೂ ಕರೆ ಮಾತ್ರ ಬ್ಲೂಟೂತಿನಲ್ಲೇ ಹೋಗುತ್ತದೆ. ಹಾಗಾಗಿ ಮೇಲಿನ ಕೆಲಸ ಅವರಿಗೂ ತಪ್ಪಿದ್ದಲ್ಲ.

ಕಾರಿನ ಸ್ಕ್ರೀನಿಗೆ ಕನ್ನಡ ಅಕ್ಷರ ಬರದಿದ್ದರೆ ಕನ್ನಡದ ಮೆಸೇಜ್ ಖಾಲಿ ಚೌಕಗಳಾಗಿ ಕಾಣುತ್ತದೆ, ಕಾರಿನ ದನಿಗೆ ಕನ್ನಡ ಬರದಿದ್ದರೆ ಓದುವಾಗ ಹಾರಿಸಿಬಿಡಬಹುದು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡವನ್ನು ಓದುವುದು ಇನ್ನೂ ಮಜ. ನಾನು ಪರೀಕ್ಷೆಗೆ `naale barthini bhava` ಅಂತ ಕಳಿಸಿದೆ. ಕಾರು ಓದಿದ್ದನ್ನು ಕೇಳಿ ಭಾವ, "ಯಾವ ಊರಿನವನೋ ಇವನು?" ಅಂದರು. ಇದನ್ನು ಫೋನಿನ ಸೆಟ್ಟಿಂಗಿನಲ್ಲಿ ಸರಿಮಾಡಲು ಆಗುವುದಿಲ್ಲ. ಹೆಸರುಗಳೂ ಅಷ್ಟೇ. ಕನ್ನಡದಲ್ಲಿ ಸೇವ್ ಮಾಡಿದ್ದು ಚೌಕವಾಗಿ ಕಾಣುತ್ತಿದ್ದರೆ, ದಿನಾ ಕರೆ ಮಾಡುವ ಹತ್ತು ಹೆಸರನ್ನಾದರೂ ಇಂಗ್ಲಿಷ್ ಅಕ್ಷರದಲ್ಲಿ ಬರೆದಿಟ್ಟುಕೊಳ್ಳಿ.

ಮುಂದಿನ ವಾರ ಭಾವ ಒಬ್ಬ ದೊಡ್ಡ ಪಾರ್ಟಿಯನ್ನು ಕೂರಿಸಿಕೊಂಡು ಬರುತ್ತಿದ್ದರು. ರೇಟಿನ ಮಾತು ನಡೆದಿತ್ತು. ನಿಟ್ಟೂರಿನ ಹತ್ತಿರ ಮೆಸೇಜ್ ಬಂತು, ಇವರು ಅಭ್ಯಾಸಕ್ಕೆ ಓದುವ ಬಟನ್ ಒತ್ತಿದರು. ಬ್ಯಾಂಕಿನದ್ದು. ಖಾತೆಯಲ್ಲಿ ಉಳಿದ ಹಣವನ್ನು ಕಾರು ರೂಪಾಯಿ ಪೈಸೆ ಸಮೇತ ಗಟ್ಟಿಯಾಗಿ ಓದಿತು. ಆ ರಾತ್ರಿಯೇ ಗೇರ್ ಒತ್ತಿ ನಾಲ್ಕನೇ ವಾಲ್ವ್ ಮುಚ್ಚಿದ್ದಾರೆ. ಮಿಕ್ಕ ಮೂರು ಚೆನ್ನಾಗಿ ಓಡುತ್ತಿವೆ.